ದಸರಾ ಅರಮನೆ ಮೇಲೆ ಹುಣ್ಣಿಮೆ ಚಂದ್ರ: ಈ ಫೋಟೋ ಜೋಡಿಸಿದ್ದು ಅಂತ ಹೇಗೆ ಹೇಳೋದು?

ಕುಕ್ಕರಹಳ್ಳಿ_ನಡಿಗೆ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಂಘದಿಂದ "ನಮ್ಮ ಮೈಸೂರು" ಅಂತ ಒಂದು ಸಣ್ಣ ಫೋಟೋ ಸ್ಪರ್ಧೆ ಇಟ್ಟಿದ್ದೀವಿ. ಅರವತ್ತು ಚಿಲ್ಲರೆ ಫೋಟೋ ಬಂದಿವೆ, ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ. ಮೊದಲ ಬಹುಮಾನಕ್ಕೆ ಎಲ್ಲರ ಕೈ ಹೋಗಿರೋದು ಒಂದೇ ಫೋಟೋಗೆ. ಅರಮನೆ ಮುಂಭಾಗ, ದೀಪ ಎಲ್ಲಾ ಹತ್ತಿದೆ, ನಡುಗೋಪುರದ ಸ್ವಲ್ಪ ಬಲಕ್ಕೆ ದೊಡ್ಡ ಚಂದ್ರ. ಅಡಿಬರಹ "ದಸರಾ ದೀಪಾಲಂಕಾರ".

ನೋಡಿದ ತಕ್ಷಣ ನನಗೆ ಏನೋ ಸರಿ ಇಲ್ಲ ಅನಿಸ್ತು. ಏನು ಅಂತ ಹೇಳೋಕೆ ಬರಲಿಲ್ಲ. ಎರರ್ ಲೆವೆಲ್ ಅನಾಲಿಸಿಸ್ ಮಾಡೋ ಒಂದು ಸೈಟಿಗೆ ಹಾಕಿ ನೋಡಿದೆ. ಕಪ್ಪು ಚಿತ್ರದಲ್ಲಿ ಚಂದ್ರನ ಅಂಚು ಬೆಳ್ಳಗೆ ಹೊಳೀತಿದೆ. ಇಷ್ಟು ಸಾಕಾ? ಒಬ್ಬರ ಮೇಲೆ ಸುಳ್ಳು ಅಂತ ಹೇಳೋ ಮೊದಲು ಖಚಿತ ಆಗಬೇಕು. ಫಲಿತಾಂಶಕ್ಕೆ ಇನ್ನು ಹತ್ತು ದಿನ ಇದೆ.

ಪಿಕ್ಸೆಲ್_ಪುಟ್ಟ
ಸಾಕು ಸರ್. ಇಎಲ್‌ಎಯಲ್ಲಿ ಬೆಳ್ಳಗೆ ಬಂತು ಅಂದ್ರೆ ಆ ಭಾಗ ಆಮೇಲೆ ಅಂಟಿಸಿದ್ದು. ನಾನು ಎಷ್ಟೋ ಸುಳ್ಳು ಫಾರ್ವರ್ಡ್‌ಗಳನ್ನ ಹೀಗೇ ಹಿಡಿದಿದ್ದೀನಿ. ಹೊರಗೆ ಹಾಕಿ ಅಷ್ಟೇ.

ಒಂಟಿಕೊಪ್ಪಲಿನವ
ಬೇರೆಯವರ ಚಂದ್ರನ್ನ ಕದ್ದು ಹಾಕಿರ್ತಾರೆ, ನೆಟ್‌ನಲ್ಲಿ ಸಾವಿರ ಸಿಗುತ್ತೆ.

ಹಳೇ_ರೀಲು
ಸ್ವಲ್ಪ ತಡೀರಪ್ಪ. ನಾನು ನಲವತ್ತು ವರ್ಷ ಸ್ಟುಡಿಯೋ ನಡೆಸಿದವನು. ಕತ್ತಲೆಕೋಣೆಯಲ್ಲಿ ಮೋಡ ಇಲ್ಲದ ಆಕಾಶಕ್ಕೆ ಬೇರೆ ನೆಗೆಟಿವ್‌ನಿಂದ ಮೋಡ ಕೂರಿಸಿದ್ದೀವಿ. ಮುಖದ ಮೇಲಿನ ಕಲೆಯನ್ನ ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ತಿದ್ದಿದ್ದೀವಿ. ಆಗ ಯಾರೂ ಕೇಳಲಿಲ್ಲ. ತಿದ್ದದೇ ಇರೋ ಫೋಟೋ ಅಂತ ಒಂದು ಇದೆಯಾ? ಚಂದ ಕಂಡರೆ ಬಹುಮಾನ ಕೊಡಿ.

ಎಂಟರ_ಚೌಕ
ಪಿಕ್ಸೆಲ್_ಪುಟ್ಟ ಅವರೇ, ಅಲ್ಲೇ ತಪ್ಪೋದು. ನೀವು ಹಿಡಿದಿದ್ದರಲ್ಲಿ ಎಷ್ಟು ನಿಜವಾಗಿ ಸುಳ್ಳಾಗಿತ್ತು ಅಂತ ಮತ್ತೊಮ್ಮೆ ನೋಡಬೇಕಾಗುತ್ತೆ.

ಇಎಲ್‌ಎ ಮಾಡೋದು ಇಷ್ಟೇ: ನಿಮ್ಮ ಜೆಪೆಗ್ ಫೈಲನ್ನ ಗೊತ್ತಿರೋ ಒಂದು ಗುಣಮಟ್ಟದಲ್ಲಿ, ಹೆಚ್ಚಾಗಿ 95ರಲ್ಲಿ, ಮತ್ತೆ ಉಳಿಸಿ, ಮೊದಲಿನದರಿಂದ ಅದನ್ನ ಕಳೆದು, ಉಳಿದ ವ್ಯತ್ಯಾಸವನ್ನ ಹಿಗ್ಗಿಸಿ ತೋರಿಸುತ್ತೆ. ಕಪ್ಪು ಆಕಾಶದ ಪಕ್ಕದಲ್ಲಿ ಬಿಳಿ ಚಂದ್ರ ಇದ್ದರೆ ಆ ಅಂಚಿನಲ್ಲಿ ವ್ಯತ್ಯಾಸ ಹೆಚ್ಚೇ ಬರುತ್ತೆ, ಚಂದ್ರ ಅಸಲಿ ಆಗಿದ್ದರೂ ಬರುತ್ತೆ. ಅದೇ ಚಿತ್ರದಲ್ಲಿ ಅರಮನೆಯ ಬಲ್ಬುಗಳನ್ನ ನೋಡಿ. ಅವೂ ಹೊಳೀತಿರಬೇಕು. ಹಾಗಾದರೆ ಸುಮಾರು ತೊಂಬತ್ತೇಳು ಸಾವಿರ ಬಲ್ಬನ್ನೂ ಯಾರೋ ಅಂಟಿಸಿದರು ಅನ್ನೋಣವಾ?

ಹೋಲಿಸಬೇಕಾದ್ದು ಅಂಚಿಗೆ ಅಂಚನ್ನ, ಬಯಲಿಗೆ ಬಯಲನ್ನ. ಒಂದೇ ಥರದ ಎರಡು ಅಂಚಿನಲ್ಲಿ ಒಂದು ಮಂಕಾಗಿ ಒಂದು ಜೋರಾಗಿ ಇದ್ದರೆ ಆಗ ಪ್ರಶ್ನೆ ಏಳುತ್ತೆ. ಆಗಲೂ ಏಳೋದು ಪ್ರಶ್ನೆ ಮಾತ್ರ. 2007ರಲ್ಲಿ ನೀಲ್ ಕ್ರಾವೆಟ್ಜ್ ಈ ವಿಧಾನವನ್ನ ಜನಪ್ರಿಯ ಮಾಡಿದಾಗಿನಿಂದ ಇದನ್ನ ಲಿಟ್ಮಸ್ ಕಾಗದದ ಥರ ಬಳಸೋರು ಹೆಚ್ಚಾಗಿಬಿಟ್ಟಿದ್ದಾರೆ.

ಕುಕ್ಕರಹಳ್ಳಿ_ನಡಿಗೆ ಅವರೇ, ಒಂದು ಪ್ರಶ್ನೆ. ಫೈಲ್ ನಿಮಗೆ ಹೇಗೆ ಬಂತು?

ಕುಕ್ಕರಹಳ್ಳಿ_ನಡಿಗೆ
ವಾಟ್ಸಾಪ್‌ನಲ್ಲಿ. ಎಲ್ಲರೂ ಹಾಗೇ ಕಳಿಸಿದ್ದಾರೆ. ಮತ್ತೆ ಹೌದು, ಬಲ್ಬುಗಳೂ ಹೊಳೀತಿವೆ. ಗಮನಿಸಿರಲಿಲ್ಲ.

ಎಂಟರ_ಚೌಕ
ಹಾಗಿದ್ದರೆ ಆ ಫೈಲಿನಿಂದ ಏನನ್ನೂ ಹೇಳಬೇಡಿ. ಫೋಟೋ ಅಂತ ಕಳಿಸಿದಾಗ ವಾಟ್ಸಾಪ್ ಅದನ್ನ ಚಿಕ್ಕದು ಮಾಡುತ್ತೆ, ಮತ್ತೆ ಹಿಂಡಿ ಉಳಿಸುತ್ತೆ, ಕ್ಯಾಮೆರಾ ಬರೆದ ಮಾಹಿತಿಯನ್ನ ತೆಗೆದುಹಾಕುತ್ತೆ. ಎರಡು ಬೇರೆ ಬೇರೆ ಕಡೆಯಿಂದ ಬಂದ ತುಂಡುಗಳಿದ್ದರೂ ಎಲ್ಲಕ್ಕೂ ಒಂದೇ ಸುಣ್ಣ ಬಳಿದ ಹಾಗೆ ಆಗಿರುತ್ತೆ. ಕ್ಯಾಮೆರಾದಿಂದ ಬಂದ ಫೈಲನ್ನ, ಇಲ್ಲಾ ಕೊನೆಗೆ ಉಳಿಸಿದ ದೊಡ್ಡ ಫೈಲನ್ನ "ಡಾಕ್ಯುಮೆಂಟ್" ಅಂತ ಕಳಿಸೋಕೆ ಹೇಳಿ. ಹಾಗೆ ಕಳಿಸಿದರೆ ಇದ್ದ ಹಾಗೇ ಬರುತ್ತೆ.

ಒಬ್ಬರನ್ನೇ ಕೇಳಬೇಡಿ. ಕೊನೆಯ ಸುತ್ತಿಗೆ ಬಂದ ಎಲ್ಲರನ್ನೂ ಕೇಳಿ. ಇಲ್ಲಾಂದ್ರೆ ಆ ಮನುಷ್ಯನಿಗೆ ಅನ್ಯಾಯ.

ಸರಸ್ವತಿಪುರಂ_ಅಜ್ಜಿ
ನನಗೆ ಈ ಕಂಪ್ಯೂಟರ್ ಲೆಕ್ಕ ಬರೋಲ್ಲ. ಆದರೆ ಒಂದು ಕೇಳ್ತೀನಿ. ದಸರಾದಲ್ಲಿ ಹುಣ್ಣಿಮೆ ಚಂದ್ರ ಎಲ್ಲಿಂದ ಬಂದ? ಆಶ್ವಯುಜ ಶುದ್ಧ ಪಾಡ್ಯಕ್ಕೆ ಶುರುವಾಗಿ ದಶಮಿಗೆ ಜಂಬೂಸವಾರಿ ಆಗಿ ಮುಗಿಯುತ್ತೆ. ಶೀಗೆ ಹುಣ್ಣಿಮೆ ಬರೋದು ಅದಾಗಿ ಐದು ದಿನಕ್ಕೆ. ಬೊಂಬೆ ಎಲ್ಲಾ ಎತ್ತಿಟ್ಟ ಮೇಲೆ. ನಾನು ಎಪ್ಪತ್ತು ದಸರಾ ನೋಡಿದ್ದೀನಿ ಮಗು, ಒಂದರಲ್ಲೂ ಪೂರ್ಣಚಂದ್ರ ಇರಲಿಲ್ಲ.

ಕುಕ್ಕರಹಳ್ಳಿ_ನಡಿಗೆ
ಅಮ್ಮ, ನನಗೆ "ಏನೋ ಸರಿ ಇಲ್ಲ" ಅನಿಸಿದ್ದು ಇದೇ ಇರಬೇಕು. ನಾವೂ ಮನೆಯಲ್ಲಿ ಬೊಂಬೆ ಕೂರಿಸ್ತೀವಿ, ಆದರೂ ಹೊಳೀಲಿಲ್ಲ.

ಒಂಟಿಕೊಪ್ಪಲಿನವ
ಆದರೆ ಅಜ್ಜಿ, ದೀಪ ದಸರಾದಲ್ಲಿ ಮಾತ್ರ ಅಲ್ಲವಲ್ಲ. ಭಾನುವಾರ, ಸರ್ಕಾರಿ ರಜಾ ದಿನ ಸಂಜೆನೂ ಹಾಕ್ತಾರೆ. ಹುಣ್ಣಿಮೆ ಭಾನುವಾರ ಬಿದ್ದಾಗ ತೆಗೆದು, ಅಡಿಬರಹ ಮಾತ್ರ ದಸರಾ ಅಂತ ಹಾಕಿರಬಹುದು. ಆಗ ಫೋಟೋ ಅಸಲಿ, ಬರಹ ತಪ್ಪು.

ಎಂಟರ_ಚೌಕ
ಅಜ್ಜಿಯ ಮಾತು ನಾನು ಹೇಳಿದ ಎಲ್ಲದಕ್ಕಿಂತ ಗಟ್ಟಿ. ಒಂಟಿಕೊಪ್ಪಲಿನವರ ಆಕ್ಷೇಪವೂ ನ್ಯಾಯವೇ. ಆದರೆ ಅದೂ ನಿಲ್ಲೋಲ್ಲ. ಅರಮನೆ ಮುಖ ಮಾಡಿರೋದು ಪೂರ್ವಕ್ಕೆ. ಜಯಮಾರ್ತಾಂಡ ದ್ವಾರದ ಕಡೆಯಿಂದ ಮುಂಭಾಗ ತೆಗೆಯೋನು ಪಶ್ಚಿಮಕ್ಕೆ ನೋಡ್ತಿರ್ತಾನೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗೋ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತಾನೆ. ಸಂಜೆ ಏಳಕ್ಕೆ ದೀಪ ಹತ್ತಿದಾಗ ಚಂದ್ರ ಆ ಫೋಟೋಗ್ರಾಫರ್ ಬೆನ್ನ ಹಿಂದೆ ಇರಬೇಕು. ಗೋಪುರದ ಹಿಂದೆ ಆ ಹೊತ್ತಿನಲ್ಲಿ ಕಾಣೋದು ಬಿದಿಗೆ, ತದಿಗೆಯ ಎಳೆ ಚಂದ್ರ ಮಾತ್ರ. ಹುಣ್ಣಿಮೆ ಚಂದ್ರ ಆ ದಿಕ್ಕಿಗೆ ಬರೋದು ಬೆಳಗಿನ ಜಾವ, ಆಗ ದೀಪ ಇರೋಲ್ಲ.

ಆದರೂ ಮೂಲ ಫೈಲ್ ತರಿಸಿ. ಫೋನ್‌ನಲ್ಲೇ ಏನೋ ಆಗಿದ್ದರೆ ಅದೂ ಗೊತ್ತಾಗಲಿ.

ಕಬ್ಬಿನ_ಗದ್ದೆ
ಅಣ್ಣ ನಂದೂ ಒಂದು ಕೇಳ್ಬುಡಿ. ಮಂಡ್ಯ ಕಡೆಯವನು. ಮಳೆಗಾಲ ಬಂತು ಅಂದ್ರೆ ನಮ್ಮ ಗುಂಪಲ್ಲಿ ಕೆಆರ್‌ಎಸ್ ಫೋಟೋ ಬತ್ತಾನೇ ಇರ್ತದೆ. ಅಳತೆ ಪಟ್ಟಿ ಮೇಲೆ 124.80 ಅಂತ ಕಾಣ್ತದೆ, ತುಂಬೋಯ್ತು ಅಂತಾರೆ. ನಾಲೆಗೆ ನೀರು ಬಿಡ್ತಾರೆ ಅಂತ ನಂಬ್ಕೊಂಡು ಹೋದ ವರ್ಷ ನಮ್ಮ ಚಿಕ್ಕಪ್ಪ ಒಟ್ಟಲು ಹಾಕ್ಬುಟ್ರು. ನೀರು ಬಂದಿದ್ದು ತಡ. ಆಮೇಲೆ ನೋಡುದ್ರೆ ಫೋಟೋ ಯಾವ್ದೋ ಹಳೇ ವರ್ಷದ್ದು. ಈ ಇಎಲ್‌ಎ ಹಾಕುದ್ರೆ ಗೊತ್ತಾಯ್ತದಾ?

ಎಂಟರ_ಚೌಕ
ಗೊತ್ತಾಗೋಲ್ಲ ಅಣ್ಣ. ಎರಡು ಕಾರಣ. ಹತ್ತು ಗುಂಪು ಸುತ್ತಿ ಬಂದ ಫೋಟೋದಲ್ಲಿ ಹಿಂಡಿಕೆಯ ಗುರುತು ಎಲ್ಲಾ ಅಳಿಸಿಹೋಗಿರುತ್ತೆ. ಇನ್ನೊಂದು, ನಿಮ್ಮ ಚಿಕ್ಕಪ್ಪನಿಗೆ ಮೋಸ ಆಗಿದ್ದು ತಿದ್ದಿದ ಫೋಟೋದಿಂದ ಅಲ್ಲ. ಫೋಟೋ ನಿಜ, ದಿನಾಂಕ ಸುಳ್ಳು. ಒಂದು ಚುಕ್ಕೆಯನ್ನೂ ತಿದ್ದದ ಫೋಟೋ ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳೋಲ್ಲ. ಅಣೆಕಟ್ಟೆಯ ಮಟ್ಟ ದಿನಾ ಪ್ರಕಟ ಆಗುತ್ತೆ, ಪೇಪರಲ್ಲೂ ಬರುತ್ತೆ. ಅದನ್ನೇ ನೋಡೋದು ಒಳ್ಳೇದು.

ಕಬ್ಬಿನ_ಗದ್ದೆ
ಸರಿ ಅಣ್ಣ. ಚಿಕ್ಕಪ್ಪಂಗೂ ಹೇಳ್ತೀನಿ.

ಮದ್ದೂರು_ಮಗಳು
ಹಳೇ_ರೀಲು ಅವರೇ, "ಆಗ ಯಾರೂ ಕೇಳಲಿಲ್ಲ" ಅಂದ್ರಲ್ಲ, ನಾನು ಕೇಳ್ತೀನಿ. ನನ್ನ ತಂಗಿಗೆ ಗಂಡು ನೋಡ್ತಿದ್ದಾಗ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ವಿ. ನಾವು ಏನೂ ಹೇಳದೇ ಅವರೇ ಅವಳನ್ನ ಬೆಳ್ಳಗೆ ಮಾಡಿ, ಕೆನ್ನೆ ಸಣ್ಣ ಮಾಡಿ, ಎಡಗಣ್ಣಿನ ಪಕ್ಕದ ಮಚ್ಚೆ ತೆಗೆದು ಕೊಟ್ಟರು. ಅವಸರದಲ್ಲಿ ಅಪ್ಪ ನೋಡದೇ ಅದನ್ನೇ ಕೊಟ್ಟು ಕಳಿಸಿದರು. ಬಂದವರು ಕಾಫಿ ಲೋಟ ಹಿಡ್ಕೊಂಡು ಫೋಟೋ ಒಂದು ಸಲ, ಅವಳ ಮುಖ ಒಂದು ಸಲ ನೋಡಿದರು. ಹೋಗುವಾಗ ಅವರ ಅತ್ತೆ "ಫೋಟೋದಲ್ಲಿ ಬೇರೆ ಹುಡುಗಿ ಇದ್ದಳು" ಅಂತ ಬಾಗಿಲಲ್ಲೇ ಹೇಳಿದರು. ತಂಗಿ ಎರಡು ದಿನ ಊಟ ಬಿಟ್ಟಳು. ಸುಳ್ಳು ಹೇಳಿದ್ದು ಸ್ಟುಡಿಯೋ, ಸುಳ್ಳುಗಾರರಾಗಿದ್ದು ನಾವು. "ತಿದ್ದಿದೆ" ಅಂತ ಕವರಿನ ಮೇಲೆ ಒಂದು ಮಾತು ಬರೆದಿದ್ದರೆ ಅಪ್ಪ ಅದನ್ನ ಕಳಿಸ್ತಾನೇ ಇರಲಿಲ್ಲ.

ಹಳೇ_ರೀಲು
ಓದಿ ಬೇಜಾರಾಯ್ತಮ್ಮ. ಆ ಸ್ಟುಡಿಯೋದವರು ಮಾಡಿದ್ದು ತಪ್ಪು. ಗಿರಾಕಿ ಕೇಳದೇ ನಾವು ಮಚ್ಚೆ ಮುಟ್ಟುತ್ತಿರಲಿಲ್ಲ, ಮಚ್ಚೆ ಗುರುತಿಗೆ ಬೇಕಾಗುತ್ತೆ. ಆದರೆ ಅರಮನೆ ಚಂದ್ರನಿಂದ ಯಾರಿಗೆ ನೋವಾಗುತ್ತೆ? ಅದು ಕಲೆ.

ಸುದ್ದಿಮನೆ_ಹಳಬ
ಕಲೆ ಅಂತ ಹೇಳಿಕೊಂಡರೆ ತೊಂದರೆ ಇಲ್ಲ ರೀಲು ಅವರೇ. ಹೇಳದೇ ಇದ್ದಾಗ ತೊಂದರೆ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಗೀಜಾದ ಪಿರಮಿಡ್ಡುಗಳನ್ನ ಹತ್ತಿರ ಸರಿಸಿ ಮುಖಪುಟ ಮಾಡಿತು. ಅಡ್ಡ ಚಿತ್ರವನ್ನ ಉದ್ದ ಪುಟಕ್ಕೆ ಹೊಂದಿಸೋಕೆ ಅಷ್ಟೇ. ಅದರಿಂದಲೂ ಯಾರ ಮನೆಯೂ ಮುರೀಲಿಲ್ಲ. ಆದರೆ ನಲವತ್ತು ವರ್ಷ ಆದ ಮೇಲೂ ಆ ಪತ್ರಿಕೆಯ ಮಾತು ಬಂದಾಗ ಜನ ಅದನ್ನ ಎತ್ತುತ್ತಾರೆ.

ನಾನು ಡೆಸ್ಕಿನಲ್ಲಿ ಇದ್ದಾಗ ನಮಗೆ ಪಾಠ ಆಗಿದ್ದು 2006ರ ಬೈರೂತ್ ಫೋಟೋ. ರಾಯಿಟರ್ಸ್‌ಗೆ ಬಂದ ಚಿತ್ರದಲ್ಲಿ ಹೊಗೆಯನ್ನ ನಕಲು ಮಾಡಿ ಮಾಡಿ ದಟ್ಟ ಮಾಡಿದ್ದರು. ಒಂದೇ ಸುರುಳಿ ಮತ್ತೆ ಮತ್ತೆ ಕಾಣ್ತಿತ್ತು, ಬರಿಗಣ್ಣಿಗೇ. ಸಂಸ್ಥೆ ಆ ಛಾಯಾಗ್ರಾಹಕರ 920 ಚಿತ್ರಗಳನ್ನೂ ಮಾರಾಟದಿಂದ ಹಿಂದೆ ತೆಗೀತು. ಅವುಗಳಲ್ಲಿ ಎಷ್ಟೋ ನೆಟ್ಟಗಿದ್ದವು ಇರಬಹುದು. ಒಂದನ್ನ ಮುಚ್ಚಿಟ್ಟರೆ ಉಳಿದವನ್ನೂ ನಂಬೋಕಾಗೋಲ್ಲ ಅನ್ನೋದೇ ಅಲ್ಲಿ ಆಗಿದ್ದು.

ಕುಕ್ಕರಹಳ್ಳಿ_ನಡಿಗೆ
ಮೂಲ ಫೈಲ್ ಬಂತು. ಕೊನೆಯ ಸುತ್ತಿನ ಎಂಟೂ ಜನರನ್ನ ಕೇಳಿದ್ದೆ, ಏಳು ಬಂದಿವೆ. ಅರಮನೆಯದು 6000 ಪಿಕ್ಸೆಲ್ ಅಗಲ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಉಳಿಸಿದ್ದು ಅಂತ ಮಾಹಿತಿಯಲ್ಲಿ ಬರ್ತಿದೆ. ಐಎಸ್‌ಒ 3200. 35 ಎಂಎಂ ಲೆಕ್ಕದಲ್ಲಿ ಫೋಕಲ್ ಲೆಂಗ್ತ್ 28. ಎಂಟರ_ಚೌಕ ಅವರೇ, ಅವರ ಒಪ್ಪಿಗೆ ಕೇಳಿ ನಿಮಗೆ ಕಳಿಸಿದ್ದೀನಿ.

ಪಿಕ್ಸೆಲ್_ಪುಟ್ಟ
ಸಾಫ್ಟ್‌ವೇರ್ ಹೆಸರು ಬಂತಲ್ಲ, ಮುಗೀತು. ಸಿಕ್ಕಿಬಿದ್ದರು.

ಎಂಟರ_ಚೌಕ
ಇಲ್ಲ ಪುಟ್ಟ. ಬೆಳಕು ಸ್ವಲ್ಪ ಏರಿಸಿ ಉಳಿಸಿದರೂ ಆ ಹೆಸರು ಬರುತ್ತೆ. ಉಳಿದ ಆರರಲ್ಲೂ ಎಷ್ಟರಲ್ಲಿ ಬಂದಿದೆ ಅಂತ ಕೇಳಿ ನೋಡು.

ಕುಕ್ಕರಹಳ್ಳಿ_ನಡಿಗೆ
ನಾಲ್ಕರಲ್ಲಿ ಇದೆ.

ಎಂಟರ_ಚೌಕ
ಸರಿ, ಎರಡು ರಾತ್ರಿ ಕೂತು ನೋಡಿದೆ. ಏನು ಮಾಡಿದೆ ಅಂತ ಬಿಡಿಸಿ ಹೇಳ್ತೀನಿ, ಬೇಕಾದವರು ತಾವೇ ಮಾಡಿ ನೋಡಬಹುದು.

ಮೊದಲು ಬರಿಗಣ್ಣು. ಆಕಾಶದ ಭಾಗವನ್ನ ನಾಲ್ಕು ಪಟ್ಟು ದೊಡ್ಡದು ಮಾಡಿ, ಹೊಳಪು ಏರಿಸಿದೆ. ಐಎಸ್‌ಒ 3200ರಲ್ಲಿ ರಾತ್ರಿ ಆಕಾಶ ರವೆ ಚೆಲ್ಲಿದ ಹಾಗೆ ಕಾಣುತ್ತೆ, ಎಲ್ಲಾ ಕಡೆ ಒಂದೇ ಥರ. ಈ ಫೋಟೋದಲ್ಲೂ ಹಾಗೇ ಇದೆ. ಆದರೆ ಚಂದ್ರನ ಸುತ್ತ ಸುಮಾರು ಅರ್ಧ ಚಂದ್ರನಷ್ಟು ಅಗಲದ ಜಾಗದಲ್ಲಿ ರವೆ ಇಲ್ಲ. ನುಣ್ಣಗೆ, ಸಾರಿಸಿದ ನೆಲದ ಹಾಗಿದೆ. ಹೊರಗೆ ಹೋಗ್ತಾ ಮೆಲ್ಲಗೆ ರವೆ ಶುರುವಾಗುತ್ತೆ. ಮೃದು ಅಂಚಿನಿಂದ ಕತ್ತರಿಸಿ ಕೂರಿಸಿದಾಗ ಹೀಗಾಗುತ್ತೆ.

ಆಮೇಲೆ ಹಿಂಡಿಕೆ. ಜೆಪೆಗ್ ಚಿತ್ರವನ್ನ ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ವಿವರವನ್ನ ಒಂದು ಅಳತೆಗೆ ಸರಿಮಾಡಿ ಚೂರುಪಾರನ್ನ ಬಿಡುತ್ತೆ. ಭತ್ತ ಅಳೆಯೋದನ್ನ ನೆನೆಸಿಕೊಳ್ಳಿ. ಒಂದು ರಾಶಿಯನ್ನ ಒಮ್ಮೆ ಸೇರಿನಲ್ಲಿ ಅಳೆದು, ಸೇರು ತುಂಬದೇ ಉಳಿದದ್ದನ್ನ ಆಚೆ ಹಾಕಿದ್ದರೆ, ಮತ್ತೆ ಅದೇ ಸೇರಿನಲ್ಲಿ ಅಳೆದಾಗ ಏನೂ ಮಿಗೋಲ್ಲ. ಬೇರೆ ಅಳತೆಯ ಪಾತ್ರೆ ತಂದರೆ ಮಿಗುತ್ತೆ. ಹಾಗಾಗಿ ಫೋಟೋವನ್ನ 60, 65, 70 ಹೀಗೆ ಬೇರೆ ಬೇರೆ ಗುಣಮಟ್ಟದಲ್ಲಿ ಮತ್ತೆ ಉಳಿಸಿ, ಪ್ರತಿಸಲ ಏನು ಮಿಕ್ಕಿತು ಅಂತ ನೋಡಬೇಕು. ಯಾವುದೋ ಒಂದು ಗುಣಮಟ್ಟದಲ್ಲಿ ಒಂದು ಭಾಗ ಮಾತ್ರ ಇದ್ದಕ್ಕಿದ್ದ ಹಾಗೆ ಕಪ್ಪಾದರೆ, ಅಂದರೆ ಏನೂ ಮಿಗದಿದ್ದರೆ, ಆ ಭಾಗ ಹಿಂದೆ ಅದೇ ಅಳತೆಯಲ್ಲಿ ಅಳೆಸಿಕೊಂಡು ಬಂದಿದೆ ಅಂತ. ಹ್ಯಾನಿ ಫರೀದ್ 2009ರಲ್ಲಿ ಇದನ್ನ ಜೆಪೆಗ್ ಘೋಸ್ಟ್ ಅಂತ ಕರೆದರು.

ಮೊದಲ ಸಲ ನನಗೆ ಏನೂ ಕಾಣಲಿಲ್ಲ. ಯಾಕಂದ್ರೆ ತಂದು ಕೂರಿಸಿದ ತುಂಡಿನ ಚೌಕಗಳು ಈ ಫೋಟೋದ ಚೌಕಗಳ ಮೇಲೆ ಸರಿಯಾಗಿ ಕೂರೋದು ಅರವತ್ನಾಲ್ಕರಲ್ಲಿ ಒಂದು ಸಲ. ಅದಕ್ಕೇ ಎಡದಿಂದ ಒಂದೊಂದು, ಮೇಲಿಂದ ಒಂದೊಂದು ಪಿಕ್ಸೆಲ್ ಕತ್ತರಿಸ್ತಾ ಅರವತ್ನಾಲ್ಕೂ ಜಾಗ ನೋಡಬೇಕಾಯ್ತು. ಎಡದಿಂದ 3, ಮೇಲಿಂದ 5 ಕತ್ತರಿಸಿದಾಗ ಸಿಕ್ತು:

```
magick photo.jpg -crop +3+5 +repage s.png
for q in 60 65 70 75 80 85 90; do
  magick s.png -quality $q t.jpg
  magick s.png t.jpg -compose difference -composite \
    -evaluate Multiply 20 d$q.png
done
```

`d75.png` ತೆರೆದರೆ ಚಂದ್ರ ಮತ್ತು ಅದರ ಸುತ್ತಿನ ಜಾಗ ಮಸಿ ಬಳಿದ ಹಾಗೆ ಕಪ್ಪು, ಉಳಿದ ಆಕಾಶದಲ್ಲಿ ರವೆ. 65ರಲ್ಲೂ 85ರಲ್ಲೂ ಚಂದ್ರನ ಮೇಲಿನ ಕಲೆಗಳು ಮತ್ತೆ ಬೆಳ್ಳಗೆ ಮೂಡುತ್ತವೆ. ಒಂದು ಎಚ್ಚರಿಕೆ: ನುಣುಪಾದ ಜಾಗ ಎಲ್ಲಾ ಗುಣಮಟ್ಟದಲ್ಲೂ ಕಪ್ಪಾಗೇ ಕಾಣುತ್ತೆ, ಅದನ್ನ ಸಾಕ್ಷಿ ಅಂತ ಹಿಡೀಬಾರದು. ಇಲ್ಲಿ ನಾನು ನಂಬಿದ್ದು ಚಂದ್ರನ ಕಲೆಗಳನ್ನ. ಅಲ್ಲಿ ವಿವರ ಇದೆ, ಆದರೂ 75ರಲ್ಲಿ ಮಾತ್ರ ಅಳಿದುಹೋಯ್ತು.

ನಾನು ಹೇಳೋದು ಇಷ್ಟೇ. ಚಂದ್ರನ ಭಾಗ ಹಿಂದೆ 75ರ ಆಸುಪಾಸಿನಲ್ಲಿ ಒಮ್ಮೆ ಉಳಿಸಿದ ಫೈಲಿನಿಂದ ಬಂದಿದೆ, ಅರಮನೆ ಹಾಗೆ ಬಂದಿಲ್ಲ. ಯಾರ ಫೈಲು, ಯಾಕೆ ಸೇರಿಸಿದರು, ಮೋಸ ಮಾಡೋ ಉದ್ದೇಶ ಇತ್ತಾ, ಇದ್ಯಾವುದನ್ನೂ ಚೌಕಗಳು ಹೇಳೋಲ್ಲ.

ಬೋಗಾದಿ_ಬೈಕರ್
ಸರ್, ಚಂದ್ರನನ್ನ ಸ್ವಲ್ಪ ದೊಡ್ಡದು ಮಾಡಿ ಕೂರಿಸಿದ್ದರೆ?

ಎಂಟರ_ಚೌಕ
ನನಗೆ ಏನೂ ಸಿಗ್ತಿರಲಿಲ್ಲ. ಗಾತ್ರ ಬದಲಿಸಿದ ತಕ್ಷಣ ಹಳೇ ಚೌಕ ಎಂಟು ಪಿಕ್ಸೆಲ್ ಆಗಿ ಉಳಿಯೋಲ್ಲ. ಕೊನೇ ಸಲ 75ಕ್ಕಿಂತ ಕೆಳಗೆ ಉಳಿಸಿದ್ದರೂ ಅಳಿಸಿಹೋಗ್ತಿತ್ತು. ಚಂದ್ರನೂ ನೇರ ಕ್ಯಾಮೆರಾದಿಂದ ಒಳ್ಳೇ ಗುಣಮಟ್ಟದಲ್ಲಿ ಬಂದಿದ್ದರೂ ಅಷ್ಟೇ. ಗುರುತು ಸಿಕ್ಕಿದರೆ ಮಾತಾಡಬಹುದು. ಸಿಗದಿದ್ದರೆ "ತಿದ್ದಿಲ್ಲ" ಅಂತ ಸರ್ಟಿಫಿಕೇಟ್ ಕೊಡೋಕಾಗೋಲ್ಲ.

ಆದರೆ ಗಾತ್ರವೇ ಇನ್ನೊಂದು ಕಥೆ ಹೇಳುತ್ತೆ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. 28 ಎಂಎಂನಲ್ಲಿ, 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅದು ನಲವತ್ತು ಪಿಕ್ಸೆಲ್ ಚಿಲ್ಲರೆ ಬರಬೇಕು. ಇಲ್ಲಿ 310 ಇದೆ.

ಒಂಟಿಕೊಪ್ಪಲಿನವ
ಅಂದ್ರೆ ಏಳು ಪಟ್ಟು! ನಾನು ಹೇಳಿದ್ದೇ ಸರಿ, ಕದ್ದ ಚಂದ್ರ. 75ರ ಗುಣಮಟ್ಟ ಅಂದ್ರೆ ನೆಟ್‌ನಿಂದ ಇಳಿಸಿದ್ದು.

ಚಾಮುಂಡಿ_ಮೆಟ್ಟಿಲು
ಫೋಟೋ ನನ್ನದು. ಮೂರು ದಿನದಿಂದ ಓದ್ತಾ ಇದ್ದೀನಿ, ಇನ್ನು ಸುಮ್ಮನಿರೋಕೆ ಆಗ್ತಿಲ್ಲ.

ಜೋಡಿಸಿದ್ದು ನಿಜ. ಎಂಟರ_ಚೌಕ ಹೇಳಿದ್ದು ಅಕ್ಷರಕ್ಷರ ಸರಿ. ಆದರೆ ಚಂದ್ರನೂ ನಾನೇ ತೆಗೆದಿದ್ದು. ಎರಡು ವರ್ಷದ ಹಿಂದೆ ಬೆಟ್ಟದ ನಂದಿ ಹತ್ತಿರ ನಿಂತು, ಸ್ನೇಹಿತನ 300 ಎಂಎಂ ಲೆನ್ಸ್ ಇಸ್ಕೊಂಡು ತೆಗೆದೆ. ಆ ಮೆಮೊರಿ ಕಾರ್ಡ್ ಕೆಟ್ಟುಹೋಯ್ತು. ಉಳಿದಿದ್ದು ನಾನೇ ನನ್ನ ಪುಟದಲ್ಲಿ ಹಾಕಿದ್ದ ಪ್ರತಿ ಮಾತ್ರ. ಅದನ್ನೇ ಇಳಿಸಿ ಕೂರಿಸಿದೆ. ಆ ಪುಟ, ಆ ದಿನಾಂಕ ಎಲ್ಲಾ ಈಗಲೂ ಇದೆ, ಸಂಘಕ್ಕೆ ತೋರಿಸಿದ್ದೀನಿ. ಕದ್ದಿದ್ದಲ್ಲ.

ಅರ್ಜಿಯಲ್ಲಿ ಜೋಡಣೆ ಅಂತ ಬರೆಯೋಕೆ ಜಾಗ ಇರಲಿಲ್ಲ. "ಮೂಲ ಚಿತ್ರವಾಗಿರಬೇಕು" ಅಂತ ಇತ್ತು. ಎರಡೂ ನನ್ನವೇ, ಹಾಗಾಗಿ ಮೂಲ ಅಂದುಕೊಂಡೆ. ಆದರೆ "ದಸರಾ ದೀಪಾಲಂಕಾರ" ಅಂತ ಬರೆದಾಗ ನೋಡೋರು ಒಂದೇ ಸಂಜೆ ಇದನ್ನ ಕಂಡೆ ಅಂದುಕೊಳ್ತಾರೆ ಅಂತ ನನಗೆ ಗೊತ್ತಿತ್ತು. ಅದು ನನ್ನ ತಪ್ಪು, ಒಪ್ಕೊಳ್ತೀನಿ.

ಒಂಟಿಕೊಪ್ಪಲಿನವ
ಕದ್ದಿದ್ದು ಅಂತ ಎರಡು ಸಲ ಬರೆದೆ. ಕ್ಷಮಿಸಿ. ಅದನ್ನ ವಾಪಸ್ ತಗೊಳ್ತೀನಿ.

ಸರಸ್ವತಿಪುರಂ_ಅಜ್ಜಿ
ಒಪ್ಪಿಕೊಂಡಿದ್ದು ಒಳ್ಳೇದಾಯ್ತು ಮಗು. ಒಂದು ಮಾತು. ನನ್ನ ಮೊಮ್ಮಗಳು ಇರೋದು ದೂರದೂರಲ್ಲಿ. ಈ ಫೋಟೋ ಅವಳಿಗೆ ಕಳಿಸಿದ್ದರೆ, ದಸರಾದಲ್ಲಿ ಹೀಗೇ ಚಂದ್ರ ಇರ್ತಾನೆ ಅಂದುಕೊಳ್ತಿದ್ದಳು. ಪಾಡ್ಯದಿಂದ ದಿನಕ್ಕೊಂದು ಕಲೆ ಬೆಳೆಯೋ ಚಂದ್ರನ್ನ ನೋಡ್ತಾ ನಾವು ನವರಾತ್ರಿ ಲೆಕ್ಕ ಹಾಕ್ತಿದ್ದುದು ಅವಳಿಗೆ ಗೊತ್ತಾಗೋದೇ ಇಲ್ಲ.

ಚಾಮುಂಡಿ_ಮೆಟ್ಟಿಲು
ಅಮ್ಮ, ಆ ಯೋಚನೆ ನನಗೆ ಬಂದಿರಲಿಲ್ಲ. ಈ ಸಲ ತದಿಗೆ ಸಂಜೆ ಹೋಗಿ ಎಳೆ ಚಂದ್ರನ ಜೊತೆ ನಿಜವಾಗಿ ತೆಗೀತೀನಿ. ದೀಪ ಹತ್ತೋ ಹೊತ್ತಿಗೆ ಅವನು ಗೋಪುರದ ಮೇಲೆ ಇರ್ತಾನಾ ಅಂತ ನೋಡಬೇಕು.

ಹಳೇ_ರೀಲು
ನೋಡಿದ್ರಾ, ಒಳ್ಳೇ ಹುಡುಗ. ಬಹುಮಾನ ಕೊಡಿ ಅಂತ ಈಗಲೂ ಹೇಳ್ತೀನಿ. ಕೆಳಗೆ ಬರೆದು ಕೊಡಿ, ಅಷ್ಟೇ ಬದಲಾಗಿದ್ದು ನನ್ನ ಅಭಿಪ್ರಾಯ. ನಾವು ಮೋಡ ಕೂರಿಸಿದ ಫೋಟೋ ಯಾವುದರ ಹಿಂದೆಯೂ ಏನೂ ಬರೀಲಿಲ್ಲ. ಈಗ ಯಾರಾದರೂ ಆ ದಿನ ಮಳೆ ಬರೋ ಹಾಗಿತ್ತು ಅಂತ ತಿಳ್ಕೊಂಡರೆ ಹೇಳೋಕೆ ನಾನೊಬ್ಬನೇ ಉಳಿದಿರೋದು.

ಮದ್ದೂರು_ಮಗಳು
ನನಗೆ ಒಪ್ಪಿಗೆ ಇಲ್ಲ. ಇನ್ನು ಏಳು ಜನ ನಿಯಮ ಓದಿ, ಚಂದ್ರ ಇಲ್ಲದೇ ಕಳಿಸಿದ್ದಾರೆ. ಅವರಿಗೂ ಇಂಥದ್ದು ಜೋಡಿಸೋಕೆ ಬರ್ತಿತ್ತು.

ಬೋಗಾದಿ_ಬೈಕರ್
ಕೆಲವು ಫೋನ್‌ಗಳಲ್ಲಿ ಜೂಮ್ ಮಾಡಿ ಚಂದ್ರನ್ನ ತೆಗೆದರೆ ಫೋನೇ ವಿವರ ಸೇರಿಸುತ್ತೆ. ತೆಗೆದವನಿಗೇ ಗೊತ್ತಿರೋಲ್ಲ. ಅವನು ಏನಂತ ಬರೀಬೇಕು?

ಎಂಟರ_ಚೌಕ
ಇದಕ್ಕೆ ನನ್ನ ಹತ್ತಿರ ಚೊಕ್ಕ ಉತ್ತರ ಇಲ್ಲ. ಗೊತ್ತಿರೋದನ್ನ ಬರೀಲಿ: ಯಾವ ಫೋನ್, ಯಾವ ಮೋಡ್, ಆಮೇಲೆ ತಾನು ಏನು ಮಾಡಿದೆ. ನಾನಾದರೆ ಗೆರೆ ಎಳೆಯೋದು ಇಲ್ಲಿ: ಬೆಳಕು, ಬಣ್ಣ, ಅಂಚು ಕತ್ತರಿಸಿದ್ದು ಒಂದು ಕಡೆ. ಆ ಕ್ಷಣದಲ್ಲಿ ಆ ಜಾಗದಲ್ಲಿ ಇಲ್ಲದ್ದನ್ನ ತಂದಿದ್ದು, ಇದ್ದದ್ದನ್ನ ತೆಗೆದಿದ್ದು ಇನ್ನೊಂದು ಕಡೆ. ಎರಡನೇದನ್ನ ಬರೆಯಲೇಬೇಕು.

ಕುಕ್ಕರಹಳ್ಳಿ_ನಡಿಗೆ
ನಿನ್ನೆ ಸಮಿತಿ ಕೂತಿತ್ತು. ನಿಯಮ ನಮ್ಮದೇ ಅಸ್ಪಷ್ಟ ಇತ್ತು ಅಂತ ಒಪ್ಕೊಂಡ್ವಿ. ಮುಂದಿನ ಸಲದ ಅರ್ಜಿಗೆ ಈ ಸಾಲು ಸೇರಿಸ್ತಿದ್ದೀವಿ: "ಈ ಚಿತ್ರದಲ್ಲಿ ಬೇರೆ ಚಿತ್ರದ ಭಾಗ ಸೇರಿಸಿದ್ದರೆ ಅಥವಾ ಇದ್ದ ವಸ್ತುವನ್ನು ತೆಗೆದಿದ್ದರೆ, ಏನನ್ನು, ಎಲ್ಲಿಂದ ಎಂದು ಬರೆಯಿರಿ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ." ಪ್ರದರ್ಶನದಲ್ಲಿ ಅರಮನೆ ಫೋಟೋ ಇರುತ್ತೆ, ಕೆಳಗೆ "ಎರಡು ಚಿತ್ರಗಳ ಜೋಡಣೆ: ಅರಮನೆ ದಸರಾದಲ್ಲಿ, ಚಂದ್ರ ಬೇರೆ ಹುಣ್ಣಿಮೆಯಂದು ಚಾಮುಂಡಿ ಬೆಟ್ಟದಿಂದ" ಅಂತ ಬರುತ್ತೆ. ಈ ಬರಹವನ್ನ ಚಾಮುಂಡಿ_ಮೆಟ್ಟಿಲು ಅವರೇ ಬರೆದುಕೊಟ್ಟರು.

ಬಹುಮಾನದ ವಿಷಯದಲ್ಲಿ ಮೂರು ಮೂರು ಮತ ಬಿದ್ದು ನಿಂತಿದೆ. ಶನಿವಾರ ಮತ್ತೆ ಕೂರ್ತೀವಿ. ಇನ್ನೊಂದು ತೊಡಕು ಬಂದಿದೆ: ಎರಡನೇ ಸ್ಥಾನದಲ್ಲಿರೋ ರಂಗನತಿಟ್ಟಿನ ಫೋಟೋದವರು ಇದನ್ನೆಲ್ಲಾ ಓದಿ ತಾವಾಗೇ ಫೋನ್ ಮಾಡಿ, ಹಕ್ಕಿಯ ಮುಂದಿದ್ದ ಒಂದು ಒಣ ಕಡ್ಡಿ ಅಳಿಸಿದ್ದೀನಿ ಅಂದರು.

ಪಿಕ್ಸೆಲ್_ಪುಟ್ಟ
ಕಡ್ಡಿ ಅಳಿಸಿದ್ದು ಹಿಂಡಿಕೆಯಲ್ಲಿ ಕಾಣುತ್ತಾ ಸರ್? ಅದೇ ಫೋಟೋದ ಎಲೆಗಳನ್ನೇ ನಕಲು ಮಾಡಿ ಮುಚ್ಚಿರ್ತಾರಲ್ಲ?

ಎಂಟರ_ಚೌಕ
ಬಹಳ ಮಟ್ಟಿಗೆ ಕಾಣೋಲ್ಲ ಪುಟ್ಟ. ಎಲ್ಲಾ ತುಂಡೂ ಒಂದೇ ಫೈಲಿನವು, ಗುಣಮಟ್ಟ ಒಂದೇ. ಅಲ್ಲಿ ಒಂದೇ ಎಲೆ ಎರಡು ಸಲ ಇದೆಯಾ ಅಂತ ಕಣ್ಣಲ್ಲೇ ಹುಡುಕಬೇಕು, ಬೈರೂತ್ ಹೊಗೆ ಹುಡುಕಿದ ಹಾಗೆ. ಫೈಲ್ ಕಳಿಸಿ, ಈ ಸಲ ನೀನೂ ನೋಡು.